ನಂಜನ ಕಾಫಿ ಲೆಕ್ಕ

ನಮ್ಮ ಹವ್ಯಾಸಿ ತಂಡಕ್ಕೆ ಒಂದು ನಾಟಕ ಬರೆದಿದ್ದೆ. ಕೇಶವ ಮೇಷ್ಟ್ರ ಜಮೀನನ್ನು ಪಟೇಲ ಸುಳ್ಳು ಕರಾರು ಪತ್ರ ತೋರಿಸಿ ಹೊಡೆಯಲು ನೋಡುತ್ತಾನೆ. ಮೇಷ್ಟ್ರ ಜೊತೆಗೊಬ್ಬ ನಂಜ. ಯಾರಿಗೆ ಕಾಫಿ ಕೊಡಿಸಿದರೂ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಬರೆದಿಡುವ ಜಿಪುಣ. ಮೊದಲ ಓದಿನಲ್ಲೇ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಒಂದು ದಿನ ನಂಜನ ಪಾತ್ರಧಾರಿ ಬರಲಿಲ್ಲ. ಅವನ ಮಾತು ಬಿಟ್ಟೇ ತಾಲೀಮು ಮುಗಿಸಿದೆವು. ಕಥೆಗೆ ಏನೂ ಆಗಲಿಲ್ಲ! ನಿಜ ಹೇಳಬೇಕೆಂದರೆ, ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ಆಗ ಸಂಸ್ಕೃತ ನಾಟಕ ಮೃಚ್ಛಕಟಿಕದ ಮೈತ್ರೇಯ ನೆನಪಾದ, ನಾಯಕ ಚಾರುದತ್ತನ ಗೆಳೆಯ. ಆ ವಿದೂಷಕ ನಿದ್ದೆಗಣ್ಣಿನಲ್ಲಿ ಒಡವೆಯ ಗಂಟನ್ನು ಕಳ್ಳನ ಕೈಗೇ ಕೊಡುತ್ತಾನೆ. ನಾವು ನಗುತ್ತೇವೆ. ಮುಂದೆ ಚಾರುದತ್ತನ ಮೇಲೆ ಅವನ ಪ್ರೇಯಸಿ ವಸಂತಸೇನೆಯನ್ನು ಕೊಂದ ಆರೋಪ ಬರುತ್ತದೆ. ನ್ಯಾಯಾಲಯದಲ್ಲಿ, ಆರೋಪ ಹೊರಿಸಿದ ಖಳ ಶಕಾರನ ಜೊತೆ ಜಗಳಕ್ಕೆ ಬಿದ್ದಾಗ ಮೈತ್ರೇಯನ ಕಂಕುಳಿಂದ ಅವಳ ಒಡವೆ ಕೆಳಗೆ ಬೀಳುತ್ತದೆ. ಚಾರುದತ್ತನಿಗೆ ಮರಣದಂಡನೆ ಬರುವುದು ಅದರಿಂದಲೇ. ಎರಡು ಸಲವೂ ಅದೇ ಹುಂಬತನ. ನಗು ಬೇರೆ, ಕಥೆ ಬೇರೆ ಅಂತ ಅಲ್ಲಿ ಇಲ್ಲವೇ ಇಲ್ಲ.

ಹಾಗಾಗಿ ನಂಜನಿಗೆ ಹೊಸ ಗುಣ ಏನೂ ಸೇರಿಸಲಿಲ್ಲ. ಆ ಪುಸ್ತಕವನ್ನೇ ಹಿಡಿದುಕೊಂಡೆ. ಮೇಷ್ಟ್ರ ತಂದೆ ತೀರಿಕೊಳ್ಳುವ ಮುಂಚೆ ತನ್ನ ಮನೆಗೆ ಬಂದು ಹೆಬ್ಬೆಟ್ಟು ಒತ್ತಿದರು ಎಂದು ಪಟೇಲ ಹೇಳುವ ದಿನ, ನಂಜ ಅವರ ಜೊತೆ ಮೈಸೂರಿನ ಆಸ್ಪತ್ರೆಯಲ್ಲಿದ್ದ. ಪುಸ್ತಕದಲ್ಲಿ ತಾರೀಖಿನ ಸಮೇತ ಇದೆ: ‘ದೊಡ್ಡ ಯಜಮಾನರು, ಆಸ್ಪತ್ರೆ, ಕಾಫಿ ಎರಡು.’ ಆದರೆ ಇಷ್ಟೇ ಆದರೆ ನಂಜ ಬರೀ ಸಾಕ್ಷಿ, ಅಲ್ವಾ? ಅದಕ್ಕೆ ಅದೇ ಪುಟದಲ್ಲಿ ಕೆಳಗೆ ಇನ್ನೊಂದು ಸಾಲು ಬರೆದೆ: ‘ಪಟೇಲರು ಕೊಟ್ಟಿದ್ದು 500.’ ಯಜಮಾನರಿಗೆ ಕಾಯಿಲೆ ಜಾಸ್ತಿಯಾಗಿದೆ ಎಂಬ ಸುದ್ದಿ ಮುಟ್ಟಿಸಿದ್ದಕ್ಕೆ ನಂಜ ಇಸಕೊಂಡ ದುಡ್ಡು. ಪುಟ ತೋರಿಸಿದರೆ ಜಮೀನು ಉಳಿಯುತ್ತದೆ, ನಂಜನ ಮಾನ ಹೋಗುತ್ತದೆ. ತೋರಿಸುವುದೋ ಬಿಡುವುದೋ, ಅದು ಅವನೊಬ್ಬನ ಕೈಯಲ್ಲಿ.

ಪುಸ್ತಕ ಕೊನೆಗೆ ದಿಢೀರನೆ ಉದುರಬಾರದು. ಮೊದಲ ದೃಶ್ಯದಲ್ಲಿ ಬರೀ ನಗೆಗೆ ತಂದೆ. ಎರಡನೇ ಸಲ, ನೆಂಟರ ಮುಂದೆ ಮೇಷ್ಟ್ರ ಬಾಕಿ ಓದಿ ಅವರ ಮಾನ ಕಳೆಯುತ್ತಾನೆ. ಮೂರನೆಯದು ಪಂಚಾಯ್ತಿ ಕಟ್ಟೆಯಲ್ಲಿ.

ಅಲ್ಲೇ ಎಡವಟ್ಟಾಯಿತು. ಮೊದಲ ಪ್ರದರ್ಶನದಲ್ಲಿ ನಂಜ ಕಟ್ಟೆಯ ಮೇಲೆ ಕಿಸೆಗೆ ಕೈ ಹಾಕಿದ್ದೇ ತಡ, ಜನ ಗೊಳ್ಳೆಂದು ನಕ್ಕರು. ಅವರ ತಪ್ಪಲ್ಲ. ಪುಸ್ತಕ ಕಂಡರೆ ನಗಬೇಕು ಎಂದು ಕಲಿಸಿದವನು ನಾನೇ. 500ರ ಸಾಲು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಪ್ರದರ್ಶನಕ್ಕೆ ಕಟ್ಟೆಯ ದೃಶ್ಯಕ್ಕೆ ಕೈ ಹಚ್ಚಲಿಲ್ಲ. ಅದಕ್ಕೂ ಮುಂಚೆ, ಹಿಂದಿನ ರಾತ್ರಿಯ ದೃಶ್ಯದಲ್ಲಿ, ಮೂರು ಸಾಲು ಸೇರಿಸಿದೆ. ಮೇಷ್ಟ್ರು ಕಾಫಿ ಕುಡಿದು ಲೋಟ ಇಡುತ್ತಾರೆ.

‘ಬರ್ಕೊಳ್ಳೋ ನಂಜ.’

‘ಬ್ಯಾಡ ಬಿಡಿ ಮೇಷ್ಟ್ರೆ.’

‘ಯಾಕೋ, ಹುಷಾರಿಲ್ವಾ?’

ನಂಜ ಉತ್ತರ ಕೊಡುವುದಿಲ್ಲ, ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾನೆ. ಆ ಸಲ ಕಟ್ಟೆಯ ಮೇಲೆ ಅವನು ಕಿಸೆಗೆ ಕೈ ಹಾಕಿದಾಗ ಹಿಂದಿನ ಸಾಲಿನಲ್ಲಿ ಒಬ್ಬರು ನಗಲು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು.