ಬ್ಯಾಂಡ್‌ನಲ್ಲಿ 46 ಕಂಡರೆ ಮೊದಲು ನಾಡಿ ಎಣಿಸಿ

ವಿಜಯಪುರದ ಗೆಳೆಯರೇ, ನಮ್ಮ ಓಣಿಯ ಅಕ್ಕ ಒಬ್ಬರು ಕೈಗೆ ಕಟ್ಟಿದ ಫಿಟ್‌ನೆಸ್ ಬ್ಯಾಂಡ್ ನೋಡಿ ಗಾಬರಿಯಾಗಿದ್ದರು. ನಡುರಾತ್ರಿ ಎದೆಬಡಿತ 46 ಅಂತ ತೋರಿಸಿತ್ತು.

ದೊಡ್ಡವರಿಗೆ ಸುಮ್ನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಡಿತ ಇರುತ್ತದೆ. 100 ದಾಟಿದರೆ ಟ್ಯಾಕಿಕಾರ್ಡಿಯಾ, 60ಕ್ಕಿಂತ ಇಳಿದರೆ ಬ್ರಾಡಿಕಾರ್ಡಿಯಾ. ಆದರೆ ‘ಸುಮ್ನೆ ಕೂತಾಗ’ ಅನ್ನೋದೇ ಮುಖ್ಯ. ಗೋಳಗುಮ್ಮಟದ ಮೆಟ್ಟಿಲು ಹತ್ತಿದಾಗ 130 ಆಗುವುದು ಸಹಜ. ಗಾಢ ನಿದ್ದೆಯಲ್ಲಿ 40–50ಕ್ಕೆ ಇಳಿಯುವುದೂ ಸಾಮಾನ್ಯ.

ಹಾಗಾಗಿ ಐದು ನಿಮಿಷ ಕೂತು, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಹೆಬ್ಬೆರಳಿಂದ ಹಿಡಿಯಬೇಡಿ, ಅದರದೇ ಬಡಿತ ಕೈಗೆ ಹತ್ತುತ್ತದೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಅಕ್ಕನಿಗೆ 34 ಬಂತು, ಅಂದರೆ 68. ಆರಾಮ ಇದ್ದರು. ಬಡಿತ ತಪ್ಪಿ ತಪ್ಪಿ ಬರುತ್ತಿದ್ದರೆ ಪೂರ್ತಿ ನಿಮಿಷ ಎಣಿಸಿ, ಡಾಕ್ಟರಿಗೆ ಹೇಳಿ ಇಸಿಜಿ ಮಾಡಿಸಿ. ಬ್ಯಾಂಡ್ ಸಡಿಲ ಇದ್ದರೂ ಅಂಕಿ ತಪ್ಪುತ್ತದೆ.

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ಬಡಿತ ಇಳಿಸುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಅದು ಅಪಾಯ. ಕೂತಲ್ಲೇ ಮತ್ತೆ ಮತ್ತೆ 100 ದಾಟುತ್ತಿದ್ದರೆ ಜ್ವರ, ರಕ್ತ ಕಡಿಮೆ, ಥೈರಾಯ್ಡ್ ಇವನ್ನೆಲ್ಲ ನೋಡಿಸಬೇಕು.

ಅಂಕಿ ಎಷ್ಟೇ ಇರಲಿ, ಎದೆನೋವು, ಉಸಿರುಕಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು ಕಂಡರೆ ಎಣಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.