ಕಬಡ್ಡಿ ನೋಡೋಕೆ ಕಲಿಸಿದ್ದು: ಸ್ಕೋರಲ್ಲ, ಮ್ಯಾಟ್ ಮೇಲಿನ ತಲೆ ಎಣಿಸಿ

ಹೊಸಬರಿಗೆ ನಿಯಮಗಳನ್ನೆಲ್ಲ ಒಂದೇ ಸಲ ಹೇಳಿ ನೋಡಿದೆ. ನಾಲ್ಕೈದು ರೈಡ್ ಆಗುವಷ್ಟರಲ್ಲಿ ಅವರ ಗಮನವೇ ತಪ್ಪುತ್ತಿತ್ತು. ಆಮೇಲೆ ಬರೀ ಸ್ಕೋರ್ ನೋಡಿ ಅಂದೆ, ಅದೂ ಕೆಲಸ ಮಾಡಲಿಲ್ಲ. ಈಗ ಹಾಳೆಯ ಮೇಲೆ ಎರಡು ಕಾಲಂ ಹಾಕಿ, ಪ್ರತಿ ರೈಡ್ ಆದಮೇಲೆ ಯಾವ ಕಡೆ ಎಷ್ಟು ಜನ ಉಳಿದರು ಅಂತ ಮಾತ್ರ ಬರೆಸುತ್ತೇನೆ. ಇದು ಮಕ್ಕಳಾಟ ಅಂದವರೂ ಇದ್ದರು. ಆದರೆ ಮೊದಲರ್ಧ ಮುಗಿಯುವ ಹೊತ್ತಿಗೆ ಮುಂದೇನಾಗಬಹುದು ಅಂತ ಹೊಸಬರೇ ಹೇಳತೊಡಗುತ್ತಾರೆ.

ಒಂದು ಸನ್ನಿವೇಶ ನೋಡಿ. ಸ್ಕೋರ್ 18-18. ನಮ್ಮವರು ಐದು, ಎದುರಿಗೆ ಏಳು. ರೈಡ್ ನಮ್ಮದು. ಎದುರಿಗೆ ಆರು ಅಥವಾ ಏಳು ಜನ ಇದ್ದರೆ ಬೋನಸ್ ಸಿಗುತ್ತದೆ. ರೈಡರ್ ಒಂದು ಕಾಲನ್ನು ಬೋನಸ್ ಗೆರೆ ದಾಟಿ ಊರಿ, ಅದೇ ಹೊತ್ತಿಗೆ ಹಿಂದಿನ ಕಾಲನ್ನು ಗಾಳಿಯಲ್ಲಿಟ್ಟಿರಬೇಕು. ಹಿಂಗಾಲಿನ ಬೆರಳು ಮ್ಯಾಟಿಗೆ ತಾಗಿದ್ದರೂ ಬೋನಸ್ ಇಲ್ಲ. ಸರಿಯಾಗಿ ಮಾಡಿ ವಾಪಸ್ ಬಂದರೆ 19-18, ಆದರೆ ನಮ್ಮವರು ಐದೇ. ಬೋನಸ್ ಅಂಕದಿಂದ ಹೊರಗೆ ಕೂತವರು ಒಳಗೆ ಬರುವುದಿಲ್ಲ. ಬೋನಸ್ ಬದಲು ಒಬ್ಬನನ್ನು ಮುಟ್ಟಿ ಬಂದರೂ ಸ್ಕೋರ್ 19-18, ಆದರೆ ಈಗ ಆರಕ್ಕೆ ಆರು. ಒಂದೇ ಅಂಕ, ಆಟ ಬೇರೆ. ಆದರೂ ಒಂದು ತೊಡಕಿದೆ: ನಾವು ಆರಾದ ತಕ್ಷಣ ಎದುರಾಳಿ ರೈಡರ್‌ಗೂ ಬೋನಸ್ ತೆರೆಯುತ್ತದೆ.

ಬೋನಸ್ ತೆಗೆದ ಮೇಲೆ ಸಿಕ್ಕಿಬಿದ್ದರೆ? ಇಬ್ಬರಿಗೂ ಒಂದೊಂದು ಅಂಕ, ಸ್ಕೋರಿನ ಅಂತರ ಹಾಗೇ ಇರುತ್ತದೆ. ಹೊಸಬರು ಇದನ್ನು ಸಮ ಅಂದುಕೊಳ್ಳುತ್ತಾರೆ. ಸಮವಲ್ಲ, ನಮ್ಮ ರೈಡರ್ ಹೊರಗೆ ಹೋದ, ನಾವು ನಾಲ್ಕೇ. ಅವನು ಮುಖ್ಯ ರೈಡರ್ ಆಗಿದ್ದರಂತೂ ಮುಂದಿನ ಹಲವು ರೈಡ್‌ಗಳಲ್ಲಿ ಅದರ ಪೆಟ್ಟು ಕಾಣುತ್ತದೆ.

ಕಾಲಂನಲ್ಲಿ ಮೂರು ಬಂದಾಗ ಪೆನ್ನು ಬಿಟ್ಟು ನೋಡಿ ಅನ್ನುತ್ತೇನೆ. ಮೂವರೋ ಅದಕ್ಕಿಂತ ಕಡಿಮೆಯೋ ಡಿಫೆಂಡರ್‌ಗಳು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಹಾಗಂತ ಇಬ್ಬರು ಒಳಗೆ ಬರುವುದಿಲ್ಲ, ಒಬ್ಬನೇ. ಅದಕ್ಕೇ ಗೆಲ್ಲುತ್ತಿರುವ ತಂಡದ ರೈಡರ್ ಅಲ್ಲಿ 30 ಸೆಕೆಂಡ್ ಕಳೆದು ಬರಿಗೈಲಿ ವಾಪಸ್ ಬರುತ್ತಾನೆ. ಹೆದರಿದ ಅಂತ ಬೈಯಬೇಡಿ. ಆದರೆ ಒಂದು ತಂಡದ ಸತತ ಎರಡು ರೈಡ್ ಖಾಲಿ ಹೋದಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಆ ಮೂರನೇ ರೈಡಿಗೆ ಹೋದವನೇ ಔಟ್. ಮೂವರ ತಂಡ ಕಾಯುವುದೂ ಆ ರೈಡಿಗಾಗಿಯೇ.

ಕೊನೆಗೊಬ್ಬ ಉಳಿದು, ಅವನೇ ರೈಡಿಗೆ ಹೋಗಿ ಸಿಕ್ಕಿಬಿದ್ದರೆ ಟ್ಯಾಕಲ್‌ಗೆ ಒಂದು, ಆಲೌಟ್‌ಗೆ ಎರಡು, ಒಟ್ಟು ಮೂರು ಅಂಕ ಎದುರಾಳಿಗೆ. ಆಮೇಲೆ ಔಟಾದ ತಂಡದ ಏಳೂ ಜನ ವಾಪಸ್. ಹಾಳೆಯಲ್ಲಿ ಆ ಕಾಲಂ ಮತ್ತೆ ಏಳರಿಂದ ಶುರು.

ರೈಡರ್ ಬೋನಸ್ಸಿಗೆ ಹೊರಟಿದ್ದಾನೋ ಮುಟ್ಟಲು ಹೊರಟಿದ್ದಾನೋ ಅಂತ ಅವನ ಹಿಂಗಾಲು ನೋಡಿ ಮೊದಲೇ ಹೇಳುವ ಒಂದು ಗುಟ್ಟಿದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.