ಕೀವರ್ಡ್ಸ್ ಟ್ಯಾಗ್‌ನಲ್ಲಿ ಬಚ್ಚಿಟ್ಟ ಪದ ಗೂಗಲ್‌ಗೆ ಸಿಗಲಿಲ್ಲ: ನನ್ನ ಅನುಭವ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಕೂತು ನಾನು ಬರೆದ ಮೊದಲ ಬ್ಲಾಗ್ ಲೇಖನ, ಇಳಕಲ್ ಸೀರೆಯನ್ನು ಮನೆಯಲ್ಲೇ ಒಗೆಯುವುದು ಹೇಗೆ ಅನ್ನೋದು. ಅವ್ವ ವರ್ಷಗಟ್ಟಲೆ ಅದೇ ಸೀರೆ ಉಟ್ಟವಳು. ಹತ್ತಿಯ ಒಡಲು, ಕೆಂಪು ರೇಷ್ಮೆಯ ಸೆರಗು. ಆ ಕೆಂಪು ಒಡಲಿಗೆ ಹತ್ತದ ಹಾಗೆ ಒಗೆಯುವುದು ಅವಳಿಗೆ ಗೊತ್ತು, ಅದನ್ನು ಬರೆದಿಡಬೇಕು ಅನ್ನಿಸಿತ್ತು.

ಬರೆಯುವ ಮೊದಲು ಒಂದು ಆನ್‌ಲೈನ್ ಕೋರ್ಸ್ ಮಾಡಿದ್ದೆ. ಅಲ್ಲಿ ಎರಡು ಮಾತು ಒತ್ತಿ ಹೇಳಿದ್ದರು. ಪುಟದ ಕೋಡ್‌ನೊಳಗೆ ಇರುವ ಮೆಟಾ ಕೀವರ್ಡ್ಸ್ ಟ್ಯಾಗ್‌ನಲ್ಲಿ ಸಾಧ್ಯವಾದಷ್ಟು ಪದ ತುಂಬಿಸಬೇಕು. ಲೇಖನದಲ್ಲಿ ಮುಖ್ಯ ಕೀವರ್ಡ್, ಅಂದರೆ ಜನ ಹುಡುಕುವ ಪದ, ಶೇಕಡಾ 3ರಷ್ಟು ಬರಬೇಕು. ಎರಡನ್ನೂ ಚಾಚೂ ತಪ್ಪದೆ ಮಾಡಿದೆ. ಟ್ಯಾಗ್ ಹೀಗಿತ್ತು:

```html
<meta name="keywords" content="ಇಳಕಲ್ ಸೀರೆ, ಇಲಕಲ್ ಸೀರೆ, ilkal saree, ರೇಷ್ಮೆ ಸೀರೆ, ಮದುವೆ ಸೀರೆ">
```

ಪೂರ್ತಿ ಪಟ್ಟಿ ಇದರ ಎಂಟು ಪಟ್ಟು ಉದ್ದ ಇತ್ತು. ಮದುವೆ ಸೀರೆಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ.

ಎರಡು ತಿಂಗಳಾದರೂ ಓದುವವರು ಬರಲಿಲ್ಲ. ಆಗ ಈ ಟ್ಯಾಗ್ ನಿಜವಾಗಿ ಕೆಲಸ ಮಾಡುತ್ತಾ ಅಂತ ನಾನೇ ನೋಡಬೇಕು ಅಂದುಕೊಂಡೆ. ಯಾವ ಭಾಷೆಯಲ್ಲೂ ಇಲ್ಲದ ಎರಡು ಪದ ಕಟ್ಟಿದೆ. ಹುಡುಕಿ ನೋಡಿದೆ, ಎಲ್ಲೂ ಇರಲಿಲ್ಲ. ಒಂದನ್ನು ಕೀವರ್ಡ್ಸ್ ಟ್ಯಾಗ್‌ನಲ್ಲಿ ಮಾತ್ರ ಇಟ್ಟೆ. ಇನ್ನೊಂದನ್ನು ಲೇಖನದ ಕೊನೆಯ ಸಾಲಿನಲ್ಲಿ, ಓದುವವರ ಕಣ್ಣಿಗೆ ಬೀಳುವ ಹಾಗೆ ಬರೆದೆ. ಆಮೇಲೆ ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ URL Inspection ನಲ್ಲಿ ಪುಟದ ವಿಳಾಸ ಹಾಕಿ, ಮತ್ತೊಮ್ಮೆ ಇಂಡೆಕ್ಸ್ ಮಾಡಿ ಅಂತ ಕೇಳಿಕೊಂಡೆ. ಗೂಗಲ್ ನನ್ನ ಬದಲಾವಣೆ ಆದ ಮೇಲೆ ಪುಟಕ್ಕೆ ಬಂದು ಹೋಗಿದೆ ಅನ್ನೋದನ್ನು ಅಲ್ಲಿನ Last crawl ದಿನಾಂಕ ನೋಡಿ ಖಾತ್ರಿ ಮಾಡಿಕೊಂಡೆ. ಈ ಹೆಜ್ಜೆ ಬಿಡಬೇಡಿ. ಗೂಗಲ್ ಇನ್ನೂ ಹಳೇ ಪುಟವನ್ನೇ ಇಟ್ಟುಕೊಂಡಿದ್ದರೆ ನಿಮ್ಮ ಪರೀಕ್ಷೆಗೆ ಅರ್ಥವೇ ಇಲ್ಲ.

ನಂತರ ಎರಡೂ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದೆ. ಚಿಹ್ನೆ ಇಲ್ಲದಿದ್ದರೆ ಗೂಗಲ್ ಕಾಗುಣಿತ ತಿದ್ದಿ ಬೇರೆ ಏನನ್ನೋ ತೋರಿಸಬಹುದು. ಲೇಖನದಲ್ಲಿ ಬರೆದಿದ್ದ ಪದಕ್ಕೆ ನನ್ನ ಪುಟ ಬಂತು. ಟ್ಯಾಗ್‌ನಲ್ಲಿದ್ದ ಪದಕ್ಕೆ ಏನೂ ಬರಲಿಲ್ಲ. ಒಂದು ವಾರ ಬಿಟ್ಟು ನೋಡಿದೆ, ಆಗಲೂ ಅಷ್ಟೇ.

ಇದರಲ್ಲಿ ಗುಟ್ಟೇನೂ ಇಲ್ಲ. ವೆಬ್ ಹುಡುಕಾಟದ ಕ್ರಮಾಂಕಕ್ಕೆ ಈ ಟ್ಯಾಗ್ ಬಳಸುವುದಿಲ್ಲ ಅಂತ ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಹೇಳಿದೆ. 90ರ ದಶಕದಲ್ಲಿ ಆಲ್ಟಾವಿಸ್ಟಾದಂಥ ಸರ್ಚ್ ಇಂಜಿನ್‌ಗಳು ಇದನ್ನು ಓದುತ್ತಿದ್ದವು. ಆದರೆ ಈ ಟ್ಯಾಗ್ ಓದುವವರಿಗೆ ಕಾಣೋದಿಲ್ಲ ಅಲ್ವಾ? ಹಾಗಾಗಿ ಜನ ಬೇಕಾದ್ದು ಬೇಡವಾದ್ದು ಎಲ್ಲ ತುಂಬಿಸಿದರು, ನಾನು ಮದುವೆ ಸೀರೆ ತುಂಬಿಸಿದ ಹಾಗೆ. ಕಾಣದ ಜಾಗದಲ್ಲಿ ಬರೆದ ಮಾತನ್ನು ನಂಬುವುದಕ್ಕೆ ಆಗಲಿಲ್ಲ, ಬಿಟ್ಟರು.

ಒಂದು ಗೊಂದಲ ಮಾತ್ರ ಇಲ್ಲೇ ಬಿಡಿಸಿಬಿಡುತ್ತೇನೆ. ಮೆಟಾ ಡಿಸ್ಕ್ರಿಪ್ಷನ್ ಬೇರೆ. ಅದನ್ನು ಗೂಗಲ್ ಕೆಲವು ಸಲ ಫಲಿತಾಂಶದ ಕೆಳಗಿನ ಎರಡು ಸಾಲಾಗಿ ತೋರಿಸುತ್ತದೆ. ಅದನ್ನು ಬರೆಯಿರಿ. ಬ್ಲಾಗರ್‌ನಲ್ಲಿ ನೀವು ಹಾಕುವ ಲೇಬಲ್ ಕೂಡ ಬೇರೆ. ಅದು ನಿಮ್ಮ ಲೇಖನಗಳನ್ನು ವಿಂಗಡಿಸೋದಕ್ಕೆ.

ಇನ್ನು ಶೇಕಡಾ 3ರ ಲೆಕ್ಕ. ನನ್ನ ಲೇಖನದಲ್ಲಿ 420 ಪದ ಇತ್ತು. "ಇಳಕಲ್ ಸೀರೆ" 13 ಸಲ ಬಂದಿತ್ತು. 13ನ್ನು 420ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 3.1. ಆದರೆ ಅದು ಎರಡು ಪದದ ಕೀವರ್ಡ್. 13 ಸಲ ಬಂದರೆ 26 ಪದ ಆಯ್ತು, ಆಗ ಶೇಕಡಾ 6.2. ಅದೇ ಲೇಖನಕ್ಕೆ ಕೀವರ್ಡ್ ಎಣಿಸುವ ಒಂದು ಟೂಲ್ ಭೇಷ್ ಅಂತು, ಇನ್ನೊಂದು ಜಾಸ್ತಿ ಆಯ್ತು ಅಂತು. ಯಾವುದನ್ನು ನಂಬೋದು?

ಕನ್ನಡದಲ್ಲಿ ಇದು ಇನ್ನೂ ಕೆಡುತ್ತದೆ. ಈ ಮೂರು ಸಾಲು ನೋಡಿ:

"ಇಳಕಲ್ ಸೀರೆಯ ಸೆರಗು ರೇಷ್ಮೆ. ಇಳಕಲ್ ಸೀರೆಗೆ ಬಿಸಿನೀರು ಬೇಡ. ಇಳಕಲ್ ಸೀರೆಯನ್ನು ನೆರಳಲ್ಲಿ ಒಣಗಿಸಿ."

ಹನ್ನೆರಡು ಪದ, ಮೂರು ಸಲ ಇಳಕಲ್ ಸೀರೆಯ ಮಾತು. ಪೂರ್ತಿ ಪದ ಹೊಂದಿದರೆ ಮಾತ್ರ ಎಣಿಸುವ ಟೂಲ್‌ಗೆ ಇದನ್ನು ಕೊಟ್ಟರೆ ಬರುವ ಉತ್ತರ ಸೊನ್ನೆ. ಸೀರೆಯ, ಸೀರೆಗೆ, ಸೀರೆಯನ್ನು, ಈ ಮೂರೂ ಅದಕ್ಕೆ "ಸೀರೆ" ಅಲ್ಲ. ನಾವು ವಿಭಕ್ತಿ ಹಚ್ಚದೆ ಎರಡು ಸಾಲು ಬರೆಯೋದಕ್ಕೆ ಆಗುತ್ತಾ? ನಾನು ಆ ಸೊನ್ನೆಗೆ ಹೆದರಿ ಪ್ರತ್ಯಯ ಕಿತ್ತು ಬರೆದಿದ್ದೆ: "ಇಳಕಲ್ ಸೀರೆ ಒಗೆಯುವಾಗ ಇಳಕಲ್ ಸೀರೆ ಬಣ್ಣ ಬಿಡುತ್ತದೆ, ಇಳಕಲ್ ಸೀರೆ ಹಾಳಾಗುತ್ತದೆ."

ಅದನ್ನು ಅವ್ವನಿಗೆ ಓದಿ ಹೇಳಿದೆ. ಅರ್ಧಕ್ಕೇ ತಡೆದಳು.

"ಯಾಕವ್ವಾ, ಸಾಲಿಗೊಮ್ಮೆ ಇಳಕಲ್ ಸೀರಿ, ಇಳಕಲ್ ಸೀರಿ ಅಂತೀ? ಒಂದ್ ಸಲ ಹೇಳಿದ್ರ ತಿಳಿತೈತಿ. ಸೆರಗು ನೆನಿ ಇಡಬೇಕೋ ಬ್ಯಾಡೋ, ಅದನ್ನ ಹೇಳೇ ಇಲ್ಲಲ್ಲ ನೀನು."

ಅವಳು ಹೇಳಿದ್ದು ಸರಿಯಾಗಿತ್ತು. ಹದಿಮೂರು ಸಲ ಹೆಸರು ಹೇಳಿದ್ದೆ, ಸೆರಗಿನ ಕೆಲಸ ಒಂದು ಸಲವೂ ಹೇಳಿರಲಿಲ್ಲ. ಅವಳನ್ನೇ ಎದುರಿಗೆ ಕೂಡಿಸಿಕೊಂಡು ಮತ್ತೆ ಬರೆದೆ. ಮೊದಲು ಬಿಳಿ ಅರಿವೆ ಒದ್ದೆ ಮಾಡಿ ಸೆರಗಿನ ಮೂಲೆಗೆ ಒತ್ತಿ ನೋಡೋದು. ಕೆಂಪು ಹತ್ತಿದರೆ ಆ ಸೀರೆ ಬಣ್ಣ ಬಿಡುತ್ತೆ ಅಂತ. ನೆನೆ ಇಡೋದೇ ಬೇಡ. ಸೆರಗು ಒಡಲಿಗೆ ತಾಗದ ಹಾಗೆ ಬೇರೆ ಹಿಡಿದು ತಣ್ಣೀರಲ್ಲಿ ಜಾಲಿಸೋದು, ಹಿಂಡದೆ ನೆರಳಲ್ಲಿ ಹರವೋದು. ಬರೆದು ಮುಗಿಸಿದ ಮೇಲೆ ಎಣಿಸಿದೆ. "ಇಳಕಲ್ ಸೀರೆ" ಅಂತ ಪ್ರತ್ಯಯ ಇಲ್ಲದೆ ಬಂದಿದ್ದು ನಾಲ್ಕು ಸಲ. ಸೆರಗು, ಒಡಲು, ಬಣ್ಣ, ಒಗೆಯೋದು ಎಲ್ಲ ತಾವಾಗೇ ಬಂದಿದ್ದವು.

ಹಾಗಂತ ಪದಕ್ಕೆ ಬೆಲೆಯೇ ಇಲ್ಲ ಅಂತ ತಿಳಿಯಬೇಡಿ. ಜನ ಹುಡುಕುವ ಪದ ಪುಟದಲ್ಲಿ ಕಾಣುವ ಹಾಗೆ ಇರಲೇಬೇಕು. ನನ್ನ ಹಳೇ ತಲೆಬರಹ "ಅವ್ವನ ಕೆಂಪು ಸೆರಗು" ಅಂತಿತ್ತು. ಚಂದ ಇತ್ತು, ಆದರೆ ಸೀರೆ ಒಗೆಯುವ ಮಾತು ಅದರಲ್ಲಿ ಇಲ್ಲ. ಬದಲಾಯಿಸಿದೆ:

```html
<title>ಇಳಕಲ್ ಸೀರೆ ಬಣ್ಣ ಬಿಡದ ಹಾಗೆ ಒಗೆಯುವುದು ಹೇಗೆ</title>
```

ತಲೆಬರಹದಲ್ಲಿ ಒಮ್ಮೆ, ಮೊದಲ ಸಾಲುಗಳಲ್ಲಿ ಒಮ್ಮೆ ಹೆಸರು ಸ್ಪಷ್ಟವಾಗಿ ಬಂದರೆ ಸಾಕು. ಆಮೇಲೆ ಮಾತು ಎಲ್ಲಿ ಕೇಳುತ್ತೋ ಅಲ್ಲಿ. ಅತಿಯಾಗಿ ತುರುಕುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಕೀವರ್ಡ್ ಸ್ಟಫಿಂಗ್ ಅಂತ ಕರೆದಿದೆ, ಆದರೆ ಅಲ್ಲೂ ಇಂತಿಷ್ಟು ಶೇಕಡಾ ಅನ್ನೋ ಗೆರೆ ಇಲ್ಲ. ನಾನಂತೂ ಈಗ ಲೇಖನವನ್ನು ಜೋರಾಗಿ ಓದುತ್ತೇನೆ. ನಾಲಿಗೆ ಎಲ್ಲಿ ಎಡವುತ್ತೋ ಅಲ್ಲಿ ತೆಗೆಯುತ್ತೇನೆ.

ಟೂಲ್ ನೋಡುತ್ತಿದ್ದ ಹೊತ್ತನ್ನು ಈಗ ಸರ್ಚ್ ಕನ್ಸೋಲ್‌ನ Performance ಪುಟಕ್ಕೆ ಕೊಡುತ್ತೇನೆ. ಅಲ್ಲಿ Queries ಅನ್ನೋ ಪಟ್ಟಿಯಲ್ಲಿ, ಜನ ಏನು ಟೈಪ್ ಮಾಡಿದಾಗ ನನ್ನ ಪುಟ ಕಂಡಿತು ಅನ್ನೋದು ಇರುತ್ತದೆ. ತೀರಾ ಕಡಿಮೆ ಜನ ಕೇಳಿದ್ದು ಅಲ್ಲಿ ಬರೋದಿಲ್ಲ, ಹಾಗಾಗಿ ಹೊಸ ಬ್ಲಾಗ್‌ನಲ್ಲಿ ಪಟ್ಟಿ ಚಿಕ್ಕದೇ ಇರುತ್ತದೆ. ತಿಂಗಳ ಮೇಲೆ ನನ್ನ ಪಟ್ಟಿಯಲ್ಲಿ ಒಂದು ಸಾಲು ಕಂಡಿತು: "ಸೀರೆಗೆ ಸೆರಗಿನ ಬಣ್ಣ ಹತ್ತಿದರೆ". ಒಗೆಯೋ ಮೊದಲಿನ ಮಾತು ಬರೆದಿದ್ದೆ, ಹತ್ತಿದ ಮೇಲೆ ಏನು ಅನ್ನೋದು ಬರೆದಿರಲಿಲ್ಲ. ಫೋನ್ ಹಿಡಿದುಕೊಂಡು ಅವ್ವನ ಹತ್ತಿರ ಹೋದೆ.

"ಒಣಗಾಕ ಬಿಡಬ್ಯಾಡ ಅಂತ ಮೊದಲ ಬರಿ," ಅಂದಳು.